ಮರುಕಳಿಸುವ ಬಿಳಿಸೆರಗು: ಮತ್ತೆ ಬಂದದ್ದು ಅದೇ ಕಾಯಿಲೆಯೇ?

ಬಿಳಿಸೆರಗಿನ ತೊಂದರೆ ಹೇಳಿಕೊಂಡು ವೈದ್ಯರ ಬಳಿ ಹೋಗುವ ಎಷ್ಟೋ ಹೆಂಗಸರಿಗೆ ಅದು ಮೊದಲ ಸಲವಲ್ಲ. ಹಿಂದೆಯೂ ಆಗಿತ್ತು, ಮಾತ್ರೆ ತೆಗೆದುಕೊಂಡಾಗ ನಿಂತಿತ್ತು, ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಶುರುವಾಯಿತು ಎನ್ನುತ್ತಾರೆ. ಈ 'ಮತ್ತೆ' ಎಂಬ ಮಾತಿನ ಹಿಂದೆ ಏನೇನಿರಬಹುದು ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಮೊದಲಿನ ಕಾಯಿಲೆ ಪೂರ್ತಿ ವಾಸಿಯಾಗದೆ ಉಳಿದು ಮತ್ತೆ ಎದ್ದಿರಬಹುದು. ವಾಸಿಯಾದ ಮೇಲೆ ಹೊರಗಿನಿಂದ ಹೊಸದಾಗಿ ಬಂದಿರಬಹುದು. ಇಲ್ಲವೇ ಮೊದಲ ಸಲ ಇದ್ದ ಕಾಯಿಲೆಯೇ ಬೇರೆ, ಈಗಿನದೇ ಬೇರೆ ಆಗಿರಬಹುದು. ನನ್ನ ಅಭಿಪ್ರಾಯದಲ್ಲಿ ಮೂರನೆಯ ಸಾಧ್ಯತೆಯನ್ನು ನಮ್ಮಲ್ಲಿ ತೀರಾ ಕಡಿಮೆ ಯೋಚಿಸಲಾಗುತ್ತದೆ. ಚಿಕಿತ್ಸೆ ಎಡವುವುದೂ ಬಹುಪಾಲು ಅಲ್ಲೇ.

ಸಂತಾನೋತ್ಪತ್ತಿಯ ವಯಸ್ಸಿನಲ್ಲಿ ಸ್ರಾವಕ್ಕೆ ಅತಿ ಸಾಮಾನ್ಯ ಕಾರಣಗಳು ಎರಡು. ಒಂದು ಬ್ಯಾಕ್ಟೀರಿಯಲ್ ವಜೈನೋಸಿಸ್. ವೈದ್ಯರ ಬಾಯಲ್ಲಿ ಬಿವಿ. ಇನ್ನೊಂದು ಕ್ಯಾಂಡಿಡಾ ಎಂಬ ಯೀಸ್ಟ್‌ನಿಂದ ಬರುವ ಸೋಂಕು; ಜನ ಫಂಗಸ್ ಎನ್ನುವುದು ಇದನ್ನೇ. ಎರಡಕ್ಕೂ ಔಷಧವಿದೆ, ಎರಡೂ ಮರುಕಳಿಸುತ್ತವೆ. ಆದರೆ ಒಂದರ ಔಷಧಕ್ಕೆ ಇನ್ನೊಂದು ಜಗ್ಗುವುದಿಲ್ಲ, ಮರುಕಳಿಸುವ ಕಾರಣಗಳೂ ಬೇರೆ ಬೇರೆ.

ಆಮ್ಲದ ಕಾವಲು

ಆರೋಗ್ಯವಂತ ಹೆಂಗಸರಲ್ಲೂ ಸ್ರಾವ ಇರುತ್ತದೆ. ಮುಟ್ಟಿನ ಚಕ್ರದ ನಡುವೆ ಅದು ನೀರಾಗಿ, ಲೋಳೆಯಾಗಿ ಜಾಸ್ತಿಯಾಗುತ್ತದೆ, ಆಮೇಲೆ ದಪ್ಪಗಾಗುತ್ತದೆ. ತುರಿಕೆ, ಉರಿ, ಕೆಟ್ಟ ವಾಸನೆ ಯಾವುದೂ ಇಲ್ಲದ ಬಿಳಿ ಅಥವಾ ತಿಳಿ ಸ್ರಾವ ಕಾಯಿಲೆಯಲ್ಲ. ಇದರಿಂದ ಮೂಳೆ ಸವೆಯುತ್ತದೆ, ಮೈಯ ಶಕ್ತಿ ಸೋರಿಹೋಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ ಹಳೆಯದು. ಅದಕ್ಕೆ ಆಧಾರವಿಲ್ಲ.

ಯೋನಿಯ ಒಳಗೋಡೆಯ ಜೀವಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಗ್ಲೈಕೋಜನ್ ಶೇಖರವಾಗುತ್ತದೆ. ಅದು ಒಡೆದಾಗ ಸಿಗುವ ಸಕ್ಕರೆಯನ್ನು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಗಾಗಿ ಅಲ್ಲಿನ ಪಿಎಚ್ ಸಾಮಾನ್ಯವಾಗಿ 4.5ರ ಒಳಗೇ ಇರುತ್ತದೆ. ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ವಿವರಿಸಿದ್ದ. ಇವುಗಳಲ್ಲೂ ತರತಮವಿದೆ ಎಂಬುದು ಇತ್ತೀಚಿನ ತಿಳಿವು. ಲ್ಯಾಕ್ಟೊಬ್ಯಾಸಿಲಸ್ ಕ್ರಿಸ್ಪೇಟಸ್ ಇದ್ದರೆ ಆಮ್ಲದ ಕಾವಲು ಗಟ್ಟಿಯಾಗಿರುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಐನರ್ಸ್ ಅಷ್ಟು ನೆಚ್ಚಿಕೊಳ್ಳುವಂಥದ್ದಲ್ಲ. ಆರೋಗ್ಯವಿದ್ದಾಗಲೂ ಇರುತ್ತದೆ, ಬಿವಿಯ ನಡುವೆಯೂ ಬದುಕಿರುತ್ತದೆ. ಬಿವಿ ಏಕೆ ಮರುಕಳಿಸುತ್ತದೆ ಎಂದು ನೋಡುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಬಿವಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಗ್ಗಿ, ಗಾರ್ಡ್ನರೆಲ್ಲಾ ಮತ್ತು ಆಮ್ಲಜನಕ ಬೇಡದ ಹಲವು ಜಾತಿಯ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುತ್ತವೆ. ಪಿಎಚ್ 4.5 ದಾಟುತ್ತದೆ. ಇವು ಅಮೈನ್‌ಗಳೆಂಬ ರಾಸಾಯನಿಕಗಳನ್ನು ಬಿಡುವುದರಿಂದ ಮೀನಿನ ವಾಸನೆ ಬರುತ್ತದೆ. ಕ್ಷಾರ ಸೇರಿದಾಗ ಅಮೈನ್‌ಗಳು ಆವಿಯಾಗಿ ಏಳುತ್ತವೆ. ವೀರ್ಯವೂ ಮುಟ್ಟಿನ ರಕ್ತವೂ ಯೋನಿಗಿಂತ ಕ್ಷಾರೀಯ. ಸಂಭೋಗದ ನಂತರ ಮತ್ತು ಮುಟ್ಟಿನ ದಿನಗಳಲ್ಲಿ ವಾಸನೆ ಹೆಚ್ಚು ಎಂದು ಹೆಂಗಸರು ಹೇಳುವುದು ಇದಕ್ಕೇ. ಸ್ರಾವ ತೆಳ್ಳಗೆ, ಬೂದು ಮಿಶ್ರಿತ ಬಿಳಿ ಬಣ್ಣದಲ್ಲಿ ಗೋಡೆಗೆ ಸಮನಾಗಿ ಹರಡಿಕೊಂಡಿರುತ್ತದೆ. ಕೆಂಪೇರುವುದು, ಊತ, ಜೋರಾದ ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ.

ಯೀಸ್ಟ್ ಸೋಂಕಿನಲ್ಲಿ ಚಿತ್ರ ಬೇರೆ. ಕ್ಯಾಂಡಿಡಾಗೆ ಆಮ್ಲ ಅಡ್ಡಿಯಲ್ಲ. ಲ್ಯಾಕ್ಟೊಬ್ಯಾಸಿಲಸ್ ಸಮೃದ್ಧವಾಗಿದ್ದಾಗಲೂ ಅದು ಬೆಳೆಯುತ್ತದೆ. ಪಿಎಚ್ ಸಾಮಾನ್ಯ ಮಟ್ಟದಲ್ಲೇ ಉಳಿಯುತ್ತದೆ, ವಾಸನೆ ಇರುವುದಿಲ್ಲ. ತುರಿಕೆ, ಉರಿ, ಹೊರಭಾಗ ಕೆಂಪಾಗಿ ಬಿರಿಯುವುದು, ಮೂತ್ರ ತಾಗಿದಾಗ ಚುರುಗುಟ್ಟುವುದು, ಮೊಸರಿನ ಗರಣೆಯಂಥ ಸ್ರಾವ ಇದರ ಲಕ್ಷಣಗಳು. ಸ್ರಾವ ಇಲ್ಲದೆ ಬರೀ ತುರಿಕೆಯೇ ಇರುವುದೂ ಉಂಟು.

ಐದು ನಿಮಿಷದ ಪರೀಕ್ಷೆ

ಇವೆರಡನ್ನು ಬೇರ್ಪಡಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಯೋನಿಯ ಪಕ್ಕದ ಗೋಡೆಯಿಂದ ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದು ಪಿಎಚ್ ಕಾಗದಕ್ಕೆ ಸವರಬೇಕು. ಗರ್ಭಕೊರಳಿನ ಲೋಳೆ ತಾಗಬಾರದು, ಏಕೆಂದರೆ ಅದು ಸಹಜವಾಗಿಯೇ ಕ್ಷಾರೀಯ. ಹಿಂದಿನ ದಿನ ಸಂಭೋಗವಾಗಿದ್ದರೂ ಮುಟ್ಟಾಗಿದ್ದರೂ ಕಾಗದ ದಾರಿ ತಪ್ಪಿಸುತ್ತದೆ. ಅದೇ ಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ಇಟ್ಟು, ಒಂದಕ್ಕೆ ಲವಣದ ನೀರು, ಇನ್ನೊಂದಕ್ಕೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಬೇಕು. ಎರಡನೆಯದರಿಂದ ತಕ್ಷಣ ಮೀನಿನ ವಾಸನೆ ಎದ್ದರೆ ಅದು ಅಮೈನ್‌ಗಳ ಗುರುತು.

ಆಮೇಲೆ ಸೂಕ್ಷ್ಮದರ್ಶಕ. ಲವಣದ ನೀರಿನ ಭಾಗದಲ್ಲಿ, ಅಂಚು ಸ್ಪಷ್ಟವಾಗಿ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡಿರುವ ಜೀವಕೋಶಗಳನ್ನು ಹುಡುಕಬೇಕು. ಇವಕ್ಕೆ ಕ್ಲೂ ಸೆಲ್ ಎಂದು ಹೆಸರು. ತೆಳುವಾದ ಸಮ ಸ್ರಾವ, 4.5 ದಾಟಿದ ಪಿಎಚ್, ಅಮೈನ್ ವಾಸನೆ, ಶೇ. 20ಕ್ಕಿಂತ ಹೆಚ್ಚು ಕ್ಲೂ ಸೆಲ್, ಈ ನಾಲ್ಕರಲ್ಲಿ ಮೂರು ಇದ್ದರೆ ಬಿವಿ. ಅಮೆರಿಕದ ಆಮ್ಸೆಲ್ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ ಈ ಮಾನದಂಡ ಇಂದಿಗೂ ಚಾಲ್ತಿಯಲ್ಲಿದೆ. ಅದೇ ಹನಿಯಲ್ಲಿ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ ಚಲಿಸುತ್ತಿದೆಯೇ ಎಂದೂ ನೋಡಬೇಕು. ಅದೂ ಪಿಎಚ್ ಏರಿಸಿ ಬಿವಿಯಂತೆ ತೋರುತ್ತದೆ, ಆದರೆ ಅದು ಲೈಂಗಿಕವಾಗಿ ಹರಡುವ ಪ್ರತ್ಯೇಕ ಸೋಂಕು, ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದ ಭಾಗದಲ್ಲಿ ಜೀವಕೋಶಗಳು ಕರಗಿ ಯೀಸ್ಟ್‌ನ ಮೊಳಕೆಗಳೂ ಎಳೆಗಳೂ ಎದ್ದು ಕಾಣುತ್ತವೆ.

ಈ ಪರೀಕ್ಷೆಗೂ ಮಿತಿಯಿದೆ. ಯೀಸ್ಟ್ ಇದ್ದೂ ಸೂಕ್ಷ್ಮದರ್ಶಕದಲ್ಲಿ ಕಾಣದೆ ಹೋಗುವುದು ಅಪರೂಪವಲ್ಲ. ಅದರಲ್ಲೂ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಜಾತಿ ಎಳೆಗಳನ್ನು ಬಿಡುವುದೇ ಇಲ್ಲ, ಹಾಗಾಗಿ ಸುಲಭವಾಗಿ ತಪ್ಪಿಹೋಗುತ್ತದೆ. ಲಕ್ಷಣ ಇದ್ದು, ಪಿಎಚ್ ಸಾಮಾನ್ಯವಿದ್ದು, ಸೂಕ್ಷ್ಮದರ್ಶಕದಲ್ಲಿ ಏನೂ ಸಿಗದಿದ್ದರೆ ಕಲ್ಚರ್‌ಗೆ ಕಳುಹಿಸಬೇಕು.

ಪರೀಕ್ಷೆ ಬಿಟ್ಟು ಲಕ್ಷಣದಿಂದಲೇ ಗುರುತಿಸಿದರೆ ಎಷ್ಟು ತಪ್ಪಾಗುತ್ತದೆ? ಅಮೆರಿಕದಲ್ಲಿ ಫೆರಿಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ತಮಗೆ ಯೀಸ್ಟ್ ಆಗಿದೆ ಎಂದು ತಾವೇ ನಿರ್ಧರಿಸಿ ಅಂಗಡಿಯಲ್ಲಿ ಔಷಧ ಕೊಂಡಿದ್ದ 95 ಹೆಂಗಸರನ್ನು ಅವರು ಪರೀಕ್ಷಿಸಿದರು. ಯೀಸ್ಟ್ ಮಾತ್ರ ಇದ್ದದ್ದು ಮೂರರಲ್ಲಿ ಒಬ್ಬರಿಗೆ. ಸುಮಾರು ಐದರಲ್ಲಿ ಒಬ್ಬರಿಗೆ ಬಿವಿ ಇತ್ತು, ಇನ್ನಷ್ಟು ಮಂದಿಗೆ ಬೆರಕೆ ಸೋಂಕು, ಕೆಲವರಿಗೆ ಯಾವ ಸೋಂಕೂ ಇರಲಿಲ್ಲ. ಹಿಂದೆ ಒಮ್ಮೆ ವೈದ್ಯರಿಂದಲೇ ಯೀಸ್ಟ್ ಎಂದು ಹೇಳಿಸಿಕೊಂಡಿದ್ದವರ ಊಹೆಯೂ ಉಳಿದವರದಕ್ಕಿಂತ ಸರಿಯಾಗಿರಲಿಲ್ಲ.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಸೂಕ್ಷ್ಮದರ್ಶಕ ಎಲ್ಲೆಡೆ ಸಿಗದು ಎಂಬ ಅರಿವಿನಿಂದಲೇ ಲಕ್ಷಣಾಧಾರಿತ ಚಿಕಿತ್ಸೆ ರೂಪುಗೊಂಡಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಒದಗಿಸುವ ಬಣ್ಣದ ಕಿಟ್‌ಗಳಲ್ಲಿ ಹಸಿರು ಕಿಟ್ ಇರುವುದು ಯೋನಿಸ್ರಾವಕ್ಕೆ. ಅದರಲ್ಲಿ 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೊನಜೋಲ್ ಎರಡೂ ಇರುತ್ತವೆ. ಬಿವಿ, ಟ್ರೈಕೊಮೊನಾಸ್, ಯೀಸ್ಟ್ ಯಾವುದೇ ಇದ್ದರೂ ಒಂದಲ್ಲ ಒಂದು ಮಾತ್ರೆ ತಾಗಲಿ ಎಂಬುದು ಲೆಕ್ಕಾಚಾರ. ಮತ್ತೆ ಬರಲಾಗದ ಹೆಂಗಸಿಗೆ ಮೊದಲ ಭೇಟಿಯಲ್ಲೇ ಔಷಧ ಸಿಗುವುದು ದೊಡ್ಡ ಉಪಕಾರ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಎರಡನ್ನೂ ನುಂಗಿದವರಿಗೆ ವಾಸಿಯಾದಾಗ ಯಾವುದು ಯಾವುದನ್ನು ವಾಸಿ ಮಾಡಿತು ಎಂಬುದು ತಿಳಿಯುವುದಿಲ್ಲ. ಮರುಕಳಿಸಿದಾಗ ಬೇಕಾಗುವುದು ಆ ಮಾಹಿತಿಯೇ. ಮೊದಲ ಸಲಕ್ಕೆ ಒಪ್ಪುವ ಕ್ರಮ ಮೂರನೆಯ ಸಲಕ್ಕೆ ಒಪ್ಪುವುದಿಲ್ಲ.

ಬಿವಿ ನಮ್ಮಲ್ಲಿ ಅಪರೂಪವೇನಲ್ಲ. ಮೈಸೂರಿನ ಎರಡು ಚಿಕಿತ್ಸಾಲಯಗಳಲ್ಲಿ ಪೂರ್ಣಿಮಾ ಮಾಧಿವಾಣನ್ ಮತ್ತು ಸಂಗಡಿಗರು 2005–06ರಲ್ಲಿ ಹದಿನೈದರಿಂದ ಮೂವತ್ತು ವರ್ಷದ ಸುಮಾರು ಒಂಬೈನೂರು ಹೆಂಗಸರನ್ನು ಪರೀಕ್ಷಿಸಿದಾಗ ಸರಿಸುಮಾರು ಐದರಲ್ಲಿ ಒಬ್ಬರಿಗೆ ಬಿವಿ ಇತ್ತು.

ಬಿವಿ ಏಕೆ ಮರಳುತ್ತದೆ

ಬಿವಿಗೆ ಮೊದಲ ಆಯ್ಕೆಯ ಚಿಕಿತ್ಸೆ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡರಂತೆ ಏಳು ದಿನ. ಅದು ಹೊಟ್ಟೆಗೆ ಒಗ್ಗದವರಿಗೆ ಅದೇ ಔಷಧದ ಶೇ. 0.75ರ ಜೆಲ್ ರಾತ್ರಿ ಒಳಗೆ ಹಾಕಿಕೊಳ್ಳಲು ಐದು ದಿನ, ಅಥವಾ ಶೇ. 2ರ ಕ್ಲಿಂಡಮೈಸಿನ್ ಕ್ರೀಮ್ ಏಳು ರಾತ್ರಿ. ಈ ಕ್ರೀಮಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ರಬ್ಬರಿನ ಕಾಂಡೋಮ್ ದುರ್ಬಲವಾಗುತ್ತದೆ ಎಂಬುದನ್ನು ಹೇಳಿ ಕಳುಹಿಸಬೇಕು. ಮೂರರಲ್ಲಿ ಯಾವುದನ್ನು ಬಳಸಿದರೂ ಹೆಚ್ಚಿನವರಿಗೆ ವಾರದೊಳಗೆ ವಾಸನೆ ನಿಲ್ಲುತ್ತದೆ.

ತೊಂದರೆ ಆಮೇಲಿನದು. ಆಸ್ಟ್ರೇಲಿಯಾದ ಕ್ಯಾಟ್ರಿಯೋನಾ ಬ್ರಾಡ್‌ಶಾ ಮತ್ತು ಸಂಗಡಿಗರು ಮೆಲ್ಬರ್ನ್‌ನಲ್ಲಿ ಏಳು ದಿನದ ಮೆಟ್ರೊನಿಡಜೋಲ್ ಪಡೆದ ಹೆಂಗಸರನ್ನು ಒಂದು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದಂತೆ, ಶೇ. 58ರಷ್ಟು ಮಂದಿಗೆ ಬಿವಿ ಮರುಕಳಿಸಿತ್ತು. ಹಿಂದೆ ಬಿವಿ ಆಗಿದ್ದವರಲ್ಲಿ ಮತ್ತು ಅದೇ ಸಂಗಾತಿಯೊಂದಿಗೆ ಸಂಬಂಧ ಮುಂದುವರಿಸಿದವರಲ್ಲಿ ಮರುಕಳಿಕೆ ಹೆಚ್ಚಾಗಿತ್ತು. ಮಾತ್ರೆ ತಪ್ಪಿಸಿದವರ ಲೆಕ್ಕವಲ್ಲ ಇದು.

ಮೊದಲ ಕಾರಣ ಒಳಗೇ ಇದೆ. ಬರ್ಲಿನ್‌ನ ಸ್ವಿಡ್ಸಿನ್ಸ್ಕಿ ತಂಡ 2005ರಲ್ಲಿ ಬಿವಿ ಇರುವವರ ಯೋನಿಯ ಗೋಡೆಯಿಂದ ಚೂರು ತೆಗೆದು ನೋಡಿದಾಗ ಗಾರ್ಡ್ನರೆಲ್ಲಾ ಬಿಡಿಬಿಡಿಯಾಗಿ ಇರಲಿಲ್ಲ. ದಟ್ಟವಾದ ಪದರವಾಗಿ ಗೋಡೆಗೆ ಅಂಟಿಕೊಂಡಿತ್ತು. ಇಂಥ ಪದರವನ್ನು ಬಯೋಫಿಲ್ಮ್ ಎನ್ನುತ್ತಾರೆ. ಔಷಧ ಮೇಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಪದರದ ಆಳದಲ್ಲಿರುವವು ಸುಮ್ಮನಾಗಿ ಉಳಿಯುತ್ತವೆ. ಮೆಟ್ರೊನಿಡಜೋಲ್ ಕೊಟ್ಟ ಕೆಲವು ವಾರಗಳ ಬಳಿಕ ಪದರ ಮತ್ತೆ ಚುರುಕಾಗುವುದನ್ನು ಅದೇ ತಂಡ 2008ರಲ್ಲಿ ತೋರಿಸಿತು. ಇದರ ಜೊತೆಗೆ ಇನ್ನೊಂದು ಅಂಶ ಸೇರುತ್ತದೆ. ಔಷಧ ಮುಗಿದ ಮೇಲೆ ಖಾಲಿಯಾದ ಜಾಗಕ್ಕೆ ಬರುವುದು ಅನೇಕ ವೇಳೆ ಕ್ರಿಸ್ಪೇಟಸ್ ಅಲ್ಲ, ಐನರ್ಸ್. ಸ್ರಾವ ನಿಂತಿರುತ್ತದೆ, ಆದರೆ ಕಾವಲು ಗಟ್ಟಿಯಾಗಿರುವುದಿಲ್ಲ. ಮುಂದಿನ ಮುಟ್ಟಿನ ರಕ್ತ ಪಿಎಚ್ ಏರಿಸಿದಾಗ ಹಳೆಯ ಬ್ಯಾಕ್ಟೀರಿಯಾಗಳಿಗೆ ಮತ್ತೆ ಅವಕಾಶ.

ಹೀಗಾಗಿ ಪದೇ ಪದೇ ಬರುವವರಿಗೆ ಆರಂಭದ ಪೂರ್ಣ ಚಿಕಿತ್ಸೆಯ ನಂತರ ಮೆಟ್ರೊನಿಡಜೋಲ್ ಜೆಲ್ಲನ್ನು ವಾರಕ್ಕೆ ಎರಡು ಸಲದಂತೆ ಕೆಲವು ತಿಂಗಳು ಮುಂದುವರಿಸುವ ಕ್ರಮ ಬಂತು. ಜ್ಯಾಕ್ ಸೋಬೆಲ್ ತಂಡದ 2006ರ ಪ್ರಯೋಗದಲ್ಲಿ ಹದಿನಾರು ವಾರ ಜೆಲ್ ಬಳಸುತ್ತಿದ್ದಾಗ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಬಿವಿ ಮರಳಿತು. ಔಷಧವಿಲ್ಲದ ಜೆಲ್ ಪಡೆದವರಲ್ಲಿ ಶೇ. 59ರಷ್ಟು ಮಂದಿಗೆ. ಆದರೆ ಜೆಲ್ ನಿಲ್ಲಿಸಿ ಮೂರು ತಿಂಗಳಾಗುವಷ್ಟರಲ್ಲಿ ಅರ್ಧದಷ್ಟು ಮಂದಿಗೆ ಬಂದಾಗಿತ್ತು. ಆ ಪ್ರಯೋಗದ ಇನ್ನೊಂದು ಸಂಗತಿಯನ್ನು ಎತ್ತಿ ಹೇಳಬೇಕು: ಮೆಟ್ರೊನಿಡಜೋಲ್ ಪಡೆದವರಲ್ಲಿ ಯೀಸ್ಟ್ ಸೋಂಕು ಹೆಚ್ಚಾಗಿ ಕಂಡಿತು. ಒಂದರ ಚಿಕಿತ್ಸೆಯ ಬೆನ್ನಿಗೇ ಇನ್ನೊಂದು ಬರಬಹುದು ಎಂಬುದು ಗೊತ್ತಿಲ್ಲದಿದ್ದರೆ ಎರಡೂ ಒಂದೇ ಕಾಯಿಲೆಯ ಮುಂದುವರಿಕೆಯಾಗಿ ತೋರುತ್ತವೆ.

ಕ್ರಿಸ್ಪೇಟಸ್ಸನ್ನೇ ತಂದು ನೆಡಬಹುದೇ? ಈ ಯೋಚನೆ ಭರವಸೆಯದು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೆಟ್ರೊನಿಡಜೋಲ್ ಬಳಿಕ ಕ್ರಿಸ್ಪೇಟಸ್‌ನ ಒಂದು ಆಯ್ದ ತಳಿಯನ್ನು ಯೋನಿಯೊಳಗೆ ಹಾಕಿದಾಗ ಹನ್ನೆರಡು ವಾರದೊಳಗಿನ ಮರುಕಳಿಕೆ ಶೇ. 45ರಿಂದ ಶೇ. 30ಕ್ಕೆ ಇಳಿಯಿತು. ಇದನ್ನು ಓದಿ ಮೊಸರು ಹಚ್ಚಿಕೊಂಡರಾದೀತು ಎಂದುಕೊಳ್ಳಬಾರದು. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳು ಬೇರೆ, ಅವು ಯೋನಿಯ ಗೋಡೆಯಲ್ಲಿ ನೆಲೆಯೂರುವುದಿಲ್ಲ. ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳೂ ಆ ತಳಿಯವಲ್ಲ.

ಎರಡನೆಯ ಕಾರಣ ಹೊರಗಿನಿಂದ ಬರುವಂಥದ್ದು. ಗಾರ್ಡ್ನರ್ ಮತ್ತು ಡ್ಯೂಕ್ಸ್ 1955ರಲ್ಲಿ ಗಾರ್ಡ್ನರೆಲ್ಲಾ ಬ್ಯಾಕ್ಟೀರಿಯಾವನ್ನು ವಿವರಿಸಿದಾಗಲೇ ರೋಗಿಗಳ ಗಂಡಂದಿರ ಮೂತ್ರನಾಳದಲ್ಲೂ ಅದನ್ನು ಕಂಡಿದ್ದರು. ಹಾಗಿದ್ದರೆ ಗಂಡನಿಗೂ ಮಾತ್ರೆ ಕೊಟ್ಟರೆ ಸಾಕಲ್ಲವೇ ಎಂದು ಹಲವು ಪ್ರಯೋಗಗಳು ನಡೆದವು, ಫಲ ಸಿಗಲಿಲ್ಲ. 2021ರಲ್ಲಿ ಪ್ರಕಟವಾದ ಶ್ವೆಬ್ಕೆ ತಂಡದ ಪ್ರಯೋಗದಲ್ಲೂ ಗಂಡಸರಿಗೆ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟದ್ದು ಹೆಂಗಸರ ಮರುಕಳಿಕೆಯನ್ನು ತಗ್ಗಿಸಲಿಲ್ಲ. ದಶಕಗಳ ಕಾಲ ಮಾರ್ಗಸೂಚಿಗಳು ಗಂಡನ ಚಿಕಿತ್ಸೆ ಬೇಡ ಎಂದದ್ದು ಇದರಿಂದಲೇ.

ಆ ಪ್ರಯೋಗಗಳು ಶಿಶ್ನದ ಚರ್ಮವನ್ನು ಬಿಟ್ಟಿದ್ದವು. ಬಿವಿಯ ಬ್ಯಾಕ್ಟೀರಿಯಾಗಳು ಮೂತ್ರನಾಳದಲ್ಲಷ್ಟೇ ಅಲ್ಲ, ಮುಂದೊಗಲಿನ ಕೆಳಗಿನ ಚರ್ಮದ ಮೇಲೂ ಇರುತ್ತವೆ. ಮೆಲ್ಬರ್ನ್ ತಂಡ ಈ ಬಾರಿ ಮಾತ್ರೆಯ ಜೊತೆ ಮುಲಾಮನ್ನೂ ಸೇರಿಸಿತು. ಸಂಗಾತಿಗೆ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು, ಶೇ. 2ರ ಕ್ಲಿಂಡಮೈಸಿನ್ ಕ್ರೀಮನ್ನು ಶಿಶ್ನದ ತುದಿ ಮತ್ತು ಚರ್ಮಕ್ಕೆ ದಿನಕ್ಕೆರಡು ಸಲ, ಎರಡೂ ಏಳು ದಿನ. ಬೇರೆ ಸಂಬಂಧವಿಲ್ಲದ 164 ಜೋಡಿಗಳು ಭಾಗವಹಿಸಿದ್ದರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹನ್ನೆರಡು ವಾರದೊಳಗೆ ಬಿವಿ ಮರಳಿದ್ದು ಇಬ್ಬರಿಗೂ ಚಿಕಿತ್ಸೆಯಾದ ಜೋಡಿಗಳಲ್ಲಿ ಶೇ. 35, ಹೆಂಗಸಿಗೆ ಮಾತ್ರ ಕೊಟ್ಟಲ್ಲಿ ಶೇ. 63. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಮೊದಲೇ ನಿಲ್ಲಿಸಲಾಯಿತು.

ಇದನ್ನು ಮನೆಯಲ್ಲಿ ಹೇಳುವುದು ಸೂಕ್ಷ್ಮದ ವಿಷಯ. ಬಿವಿ ಬಂದ ಮಾತ್ರಕ್ಕೆ ಗಂಡನಾಗಲಿ ಹೆಂಡತಿಯಾಗಲಿ ಹೊರಗೆ ಸಂಬಂಧ ಇಟ್ಟುಕೊಂಡಿದ್ದಾರೆ ಎಂದು ಅರ್ಥವಲ್ಲ. ಒಂದೇ ಜೋಡಿಯೊಳಗೆ ಈ ಬ್ಯಾಕ್ಟೀರಿಯಾಗಳು ಅತ್ತಿಂದಿತ್ತ ಓಡಾಡುತ್ತಿರುತ್ತವೆ, ಗಂಡಸಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಇಷ್ಟನ್ನು ಹೇಳುವುದು ವೈದ್ಯರ ಕೆಲಸ. ಹೆಂಗಸಿನ ಕೈಗೆ ಮುಲಾಮು ಕೊಟ್ಟು ಕಳುಹಿಸಿದರೆ ಆ ಭಾರ ಅವಳ ಮೇಲೆ ಬೀಳುತ್ತದೆ.

ಯೋನಿಯ ಒಳಗೆ ಸೋಪು, ಡೆಟಾಲ್, 'ಇಂಟಿಮೇಟ್ ವಾಶ್' ಹಾಕಿ ತೊಳೆಯುವ ಅಭ್ಯಾಸವೂ ಬಿವಿಗೆ ದಾರಿ. ವಾಸನೆ ಹೋಗಲೆಂದು ತೊಳೆಯುತ್ತಾರೆ, ಇದ್ದಬದ್ದ ಲ್ಯಾಕ್ಟೊಬ್ಯಾಸಿಲಸ್ಸೂ ಹೋಗುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ಕಾಪರ್-ಟಿ ಇರುವವರಲ್ಲಿ ಬಿವಿ ತುಸು ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಅದನ್ನು ತಕ್ಷಣ ತೆಗೆಸಬೇಕೆಂದಲ್ಲ. ಬಿಡದೆ ಕಾಡುವವರಲ್ಲಿ ಬೇರೆ ಗರ್ಭನಿರೋಧಕದ ಮಾತು ಎತ್ತಬಹುದು.

ಯೀಸ್ಟ್ ಏಕೆ ಮರಳುತ್ತದೆ

ಸಾಮಾನ್ಯ ಯೀಸ್ಟ್ ಸೋಂಕಿಗೆ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆ, ಇಲ್ಲವೇ ಕ್ಲೋಟ್ರಿಮಜೋಲ್ ಯೋನಿಮಾತ್ರೆ. ಗರ್ಭಿಣಿಯರಿಗೆ ಫ್ಲುಕೊನಜೋಲ್ ನುಂಗಲು ಕೊಡಬಾರದು, ಯೋನಿಯೊಳಗೆ ಇಡುವ ಔಷಧವನ್ನೇ ಏಳು ದಿನ ಬಳಸಬೇಕು. ಹೆಚ್ಚಿನ ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ, ಹೀಗೆಯೇ ಹೋಗುತ್ತದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಯೀಸ್ಟ್ ಸೋಂಕು ಎಂದು ಪ್ರತ್ಯೇಕವಾಗಿ ನೋಡಬೇಕು.

ಅಂಥವರಲ್ಲಿ ಮೊದಲು ಹುಡುಕಬೇಕಾದದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಯೀಸ್ಟ್‌ಗೆ ಅನುಕೂಲವಾಗುತ್ತದೆ. ಅವನ್ನು ಶುರುಮಾಡಿದ ಮೇಲೆ ತುರಿಕೆ ಬಂತೇ ಎಂದು ಕೇಳಬೇಕು. ಆಂಟಿಬಯಾಟಿಕ್ ಬಳಕೆ, ಸ್ಟಿರಾಯ್ಡ್ ಬಳಕೆ ಆಮೇಲಿನ ಪ್ರಶ್ನೆಗಳು. ಯೀಸ್ಟ್‌ಗೆ ಈಸ್ಟ್ರೋಜನ್ ಬೇಕು. ಮುಟ್ಟು ನಿಂತ, ಹಾರ್ಮೋನ್ ತೆಗೆದುಕೊಳ್ಳದ, ಸಕ್ಕರೆ ಕಾಯಿಲೆ ಇಲ್ಲದ ಹೆಂಗಸಿಗೆ ಪದೇ ಪದೇ ತುರಿಕೆ ಬಂದರೆ ಅದು ಯೀಸ್ಟ್ ಆಗಿರುವ ಸಂಭವ ಕಡಿಮೆ. ಚರ್ಮದ ಕಾಯಿಲೆಯೋ ಹಾರ್ಮೋನ್ ಕೊರತೆಯಿಂದ ಚರ್ಮ ತೆಳುವಾದದ್ದೋ ಎಂದು ನೋಡಬೇಕು.

ಆದರೆ ಮರುಕಳಿಸುವ ಯೀಸ್ಟ್ ಇರುವ ಬಹಳಷ್ಟು ಮಂದಿಗೆ ಸಕ್ಕರೆ ಕಾಯಿಲೆಯೂ ಇರುವುದಿಲ್ಲ, ರೋಗನಿರೋಧಕ ಶಕ್ತಿಯೂ ಕುಂದಿರುವುದಿಲ್ಲ. ಈ ಕ್ಷೇತ್ರದ ಕುತೂಹಲದ ಸಂಗತಿ ಇದು. ಲಕ್ಷಣವಿಲ್ಲದ ಎಷ್ಟೋ ಹೆಂಗಸರ ಯೋನಿಯಲ್ಲಿ ಕ್ಯಾಂಡಿಡಾ ಇರುತ್ತದೆ. ಅಮೆರಿಕದ ಪಾಲ್ ಫಿಡೆಲ್ ತಂಡ 2004ರಲ್ಲಿ ಆರೋಗ್ಯವಂತ ಸ್ವಯಂಸೇವಕಿಯರಿಗೆ ಜೀವಂತ ಕ್ಯಾಂಡಿಡಾ ಹಾಕಿ ಗಮನಿಸಿದಾಗ, ತುರಿಕೆ ಮತ್ತು ಉರಿ ಬಂದದ್ದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿಬಂದವರಲ್ಲಿ. ಅಂದರೆ ಕೆಲವರ ದೇಹ ಸಹಿಸಿಕೊಳ್ಳುವಷ್ಟೇ ಯೀಸ್ಟ್‌ಗೆ ಇನ್ನು ಕೆಲವರ ದೇಹ ಜೋರಾಗಿ ಪ್ರತಿಕ್ರಿಯಿಸುತ್ತದೆ. ಫ್ಲುಕೊನಜೋಲ್ ಯೀಸ್ಟ್‌ನ ಬೆಳವಣಿಗೆಯನ್ನು ತಡೆಯುತ್ತದೆ, ಪೂರ್ತಿ ನಿರ್ಮೂಲ ಮಾಡುವುದಿಲ್ಲ. ಆ ಪ್ರವೃತ್ತಿಯವರಲ್ಲಿ ಉಳಿದ ಸ್ವಲ್ಪವೇ ಬೆಳೆದು ಮತ್ತೆ ತೊಂದರೆ ಕೊಡುತ್ತದೆ. ಇಲ್ಲಿ ಗಂಡನಿಗೆ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ.

ಚಿಕಿತ್ಸೆಯ ಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಕಲ್ಚರ್‌ನಲ್ಲಿ ಖಚಿತಪಡಿಸಿಕೊಂಡು, 150 ಮಿಲಿಗ್ರಾಂ ಫ್ಲುಕೊನಜೋಲನ್ನು ಮೂರು ದಿನಕ್ಕೊಂದರಂತೆ ಮೂರು ಮಾತ್ರೆ, ಅಂದರೆ ಮೊದಲನೆಯ, ನಾಲ್ಕನೆಯ ಮತ್ತು ಏಳನೆಯ ದಿನ. ಬಳಿಕ ವಾರಕ್ಕೊಂದು ಮಾತ್ರೆ ಆರು ತಿಂಗಳು. ಸೋಬೆಲ್ ತಂಡ 2004ರಲ್ಲಿ 387 ಹೆಂಗಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಆರು ತಿಂಗಳ ಕೊನೆಗೆ ಹತ್ತರಲ್ಲಿ ಒಂಬತ್ತು ಮಂದಿ ತೊಂದರೆಯಿಲ್ಲದೆ ಇದ್ದರು. ಔಷಧ ನಿಲ್ಲಿಸಿ ಇನ್ನಾರು ತಿಂಗಳಿಗೆ ಆ ಪ್ರಮಾಣ ಶೇ. 43ಕ್ಕೆ ಇಳಿಯಿತು. ಇದನ್ನು ಮೊದಲೇ ಹೇಳಿಟ್ಟರೆ ಮತ್ತೆ ಬಂದಾಗ ಆಕೆ ಕಂಗಾಲಾಗುವುದಿಲ್ಲ. ಆರು ತಿಂಗಳು ಗರ್ಭ ಧರಿಸದಂತೆ ನೋಡಿಕೊಳ್ಳಬೇಕು, ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ಎಂದೂ ಪರಿಶೀಲಿಸಬೇಕು.

ಕಲ್ಚರ್‌ನಲ್ಲಿ ಗ್ಲಾಬ್ರಾಟಾ ಬಂದರೆ ಫ್ಲುಕೊನಜೋಲ್ ನಂಬುವಂತಿಲ್ಲ. ಆಗ ಬೋರಿಕ್ ಆಮ್ಲ 600 ಮಿಲಿಗ್ರಾಂ ತುಂಬಿದ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ಮೂರು ವಾರ ಯೋನಿಯೊಳಗೆ ಇಡಲು ಹೇಳುತ್ತಾರೆ. ಇದನ್ನು ವೈದ್ಯರ ಸೂಚನೆಯಿಲ್ಲದೆ ಮಾಡಬಾರದು. ನುಂಗಿದರೆ ಬೋರಿಕ್ ಆಮ್ಲ ವಿಷ, ಪ್ರಾಣ ಹೋಗಬಹುದು. ಗರ್ಭಿಣಿಯರಿಗೆ ಸಲ್ಲದು, ಮಕ್ಕಳ ಕೈಗೆ ಸಿಗಬಾರದು.

ಒಂದು ಉದಾಹರಣೆ

ಚಿಕಿತ್ಸಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಜೋಡಿಸಿ ಕಟ್ಟಿದ ಉದಾಹರಣೆಯಿದು, ಯಾರೊಬ್ಬರ ಕಥೆಯೂ ಅಲ್ಲ. 31 ವರ್ಷದ ಗೃಹಿಣಿ, ಇಬ್ಬರು ಮಕ್ಕಳು, ಕಾಪರ್-ಟಿ ಹಾಕಿಸಿಕೊಂಡಿದ್ದಾರೆ. ಜನವರಿಯಲ್ಲಿ ಮೂತ್ರದ ಸೋಂಕಿಗೆ ಆಂಟಿಬಯಾಟಿಕ್ ತೆಗೆದುಕೊಂಡ ವಾರಕ್ಕೆ ತುರಿಕೆ, ಗರಣೆಯಂಥ ಸ್ರಾವ. ಔಷಧದಂಗಡಿಯಲ್ಲಿ ಫ್ಲುಕೊನಜೋಲ್ ಕೊಟ್ಟರು, ಎರಡು ದಿನದಲ್ಲಿ ಕಡಿಮೆಯಾಯಿತು. ಮಾರ್ಚಿನಲ್ಲಿ ಮುಟ್ಟು ಮುಗಿದ ಮೇಲೆ ತೆಳು ಸ್ರಾವ, ವಾಸನೆ. ಅದೇ ಮಾತ್ರೆ ನುಂಗಿದರು, ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಸೆಕ್ನಿಡಜೋಲ್ ಸೇರಿದಂತೆ ಮೂರು ಬಗೆಯ ಮಾತ್ರೆಗಳಿರುವ ಕಿಟ್ ಸಿಕ್ಕಿತು, ವಾಸನೆ ನಿಂತಿತು. ಹತ್ತು ದಿನಕ್ಕೆ ತುರಿಕೆ ಎದ್ದಿತು. ಅದಕ್ಕೆ ಸ್ಟಿರಾಯ್ಡ್ ಬೆರೆತ ಫಂಗಸ್ ಮುಲಾಮು ಹಚ್ಚಿದರು. ಹಚ್ಚಿದಾಗ ತಣ್ಣಗಾಗುವುದು, ಬಿಟ್ಟಾಗ ಇನ್ನಷ್ಟು ಕೆರೆತ. ಜೂನ್‌ನಲ್ಲಿ ಮತ್ತೆ ವಾಸನೆ. 'ಆರು ತಿಂಗಳಲ್ಲಿ ನಾಲ್ಕು ಸಲ ಫಂಗಸ್' ಎನ್ನುತ್ತಾ ಬರುತ್ತಾರೆ.

ಈ ಲೆಕ್ಕವನ್ನು ಒಪ್ಪಿಕೊಂಡರೆ ಅವರಿಗೆ ವಾರಕ್ಕೊಂದು ಫ್ಲುಕೊನಜೋಲ್ ಆರು ತಿಂಗಳು ಬರೆಯಬೇಕಾಗುತ್ತದೆ. ಪರೀಕ್ಷೆ ಬೇರೆ ಹೇಳುತ್ತದೆ. ಪಿಎಚ್ 5, ಅಮೈನ್ ವಾಸನೆ ಇದೆ, ತುಂಬ ಕ್ಲೂ ಸೆಲ್‌ಗಳಿವೆ, ಟ್ರೈಕೊಮೊನಾಸ್ ಇಲ್ಲ, ಯೀಸ್ಟ್ ಇಲ್ಲ. ಈಗಿರುವುದು ಬಿವಿ. ಹಿಂದಿನದನ್ನು ಲಕ್ಷಣದ ಮೇಲೆ ಮರುಓದಿದರೆ, ಜನವರಿಯದು ಮತ್ತು ಏಪ್ರಿಲ್ ಕೊನೆಯದು ಆಂಟಿಬಯಾಟಿಕ್ ಬೆನ್ನಿಗೆ ಬಂದ ಯೀಸ್ಟ್ ಆಗಿರಬೇಕು. ಮಾರ್ಚಿನದು ಬಿವಿ, ಫ್ಲುಕೊನಜೋಲ್‌ಗೆ ಜಗ್ಗದೆ ಸೆಕ್ನಿಡಜೋಲ್‌ಗೆ ನಿಂತದ್ದೇ ಅದಕ್ಕೆ ಸಾಕ್ಷಿ. ಹಾಗಾದರೆ ಎರಡು ಸಲ ಯೀಸ್ಟ್, ಎರಡು ಸಲ ಬಿವಿ. ಯೀಸ್ಟ್ ಮರುಕಳಿಕೆಯ ಮಾನದಂಡ ತುಂಬಿಲ್ಲ, ಆರು ತಿಂಗಳ ಮಾತ್ರೆ ಬೇಡ.

ಅವರಿಗೆ ಮೆಟ್ರೊನಿಡಜೋಲ್ ಏಳು ದಿನ. ಗಂಡನನ್ನು ಕರೆಸಿ ವಿವರಿಸಿ, ಅವರಿಗೆ ಮಾತ್ರೆ ಮತ್ತು ಮುಲಾಮು ಅದೇ ಏಳು ದಿನ; ಇಬ್ಬರದೂ ಮುಗಿಯುವವರೆಗೆ ಸಂಭೋಗ ಬೇಡ. ಸ್ಟಿರಾಯ್ಡ್ ಮುಲಾಮು ನಿಲ್ಲಬೇಕು, ಒಳಗೆ ಸೋಪು ಹಾಕಿ ತೊಳೆಯುವ ಅಭ್ಯಾಸವಿದ್ದರೆ ಅದೂ ನಿಲ್ಲಬೇಕು. ರಕ್ತದ ಸಕ್ಕರೆ ಒಮ್ಮೆ ನೋಡಬೇಕು. ಮೆಟ್ರೊನಿಡಜೋಲ್ ಬಳಿಕ ತುರಿಕೆ ಶುರುವಾದರೆ ಅಂಗಡಿಗೆ ಹೋಗದೆ ಸ್ವ್ಯಾಬ್‌ಗೆ ಬರಬೇಕು, ಆಗ ಕಲ್ಚರ್ ಕಳುಹಿಸಬಹುದು. ಇಷ್ಟಾಗಿಯೂ ಬಿವಿ ಮರಳಿದರೆ ವಾರಕ್ಕೆರಡು ಸಲದ ಜೆಲ್ ಮತ್ತು ಕಾಪರ್-ಟಿಯ ವಿಚಾರ.

ಕೆಳಹೊಟ್ಟೆ ನೋವು, ಜ್ವರ, ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ ಬೆರೆತ ಸ್ರಾವ ಇದ್ದರೆ ಈ ಟಿಪ್ಪಣಿಯ ಯಾವ ಮಾತೂ ಅನ್ವಯಿಸುವುದಿಲ್ಲ. ಅವು ಗರ್ಭಕೋಶ ಅಥವಾ ಗರ್ಭಕೊರಳಿನ ಕಾಯಿಲೆಯ ಸೂಚನೆಗಳು, ತಡಮಾಡದೆ ತೋರಿಸಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪ್ರಯೋಗಾಲಯಗಳಲ್ಲಿ ಮಲೇರಿಯಾ, ಕ್ಷಯದ ಪರೀಕ್ಷೆಗೆಂದು ಸೂಕ್ಷ್ಮದರ್ಶಕ ಈಗಾಗಲೇ ಇದೆ, ಅದನ್ನು ನೋಡಬಲ್ಲ ತಂತ್ರಜ್ಞರೂ ಇದ್ದಾರೆ. ಅದರ ಪಕ್ಕದಲ್ಲಿ ಒಂದು ಪಿಎಚ್ ಕಾಗದದ ಪುಸ್ತಕ, ಒಂದು ಸೀಸೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಡಲು ದೊಡ್ಡ ಖರ್ಚಿಲ್ಲ. ಹಸಿರು ಕಿಟ್ ಮೊದಲ ಭೇಟಿಗೆ ಇರಲಿ. ಎರಡನೆಯ ಸಲ ಬಂದ ಹೆಂಗಸಿಗೆ ಮಾತ್ರೆ ಕೊಡುವ ಮೊದಲು ಸ್ವ್ಯಾಬ್ ತೆಗೆದು, ಸಿಕ್ಕ ಪಿಎಚ್ ಮತ್ತು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅವರ ಚೀಟಿಯ ಮೇಲೆ ಬರೆದು ಕೊಡಬೇಕೆಂದು ಆರೋಗ್ಯ ಇಲಾಖೆ ನಿಯಮ ಮಾಡಬೇಕು.